ಹೆದರುವವನಿಗಾಗಿ ಎಷ್ಟು ದಿನ ಕಾಯಬೇಕು?

ಅಪ್ಪ ಅಮ್ಮನ ಕೆಟ್ಟ ದಾಂಪತ್ಯ ನೋಡಿ ಬೆಳೆದು, ಮದುವೆ ಮಾತೆತ್ತಿದರೆ "ಇನ್ನೊಂದು ವರ್ಷ ಹೋಗಲಿ" ಎನ್ನುವ ಹುಡುಗನಿಗಾಗಿ ಎಷ್ಟು ವರ್ಷ ಕಾಯಬಹುದು? ಯಾರನ್ನೇ ಕೇಳಿ, ನಮ್ಮಲ್ಲಿ ಸಿಗುವುದು ಎರಡೇ ಉತ್ತರ. ಒಂದು, "ಅವನು ಟೈಂಪಾಸ್ ಮಾಡ್ತಿದ್ದಾನೆ, ಬಿಟ್ಟಾಕು." ಇನ್ನೊಂದು, "ಪಾಪ, ಅವರ ಮನೆ ಕಥೆ ಗೊತ್ತಲ್ವಾ? ಸ್ವಲ್ಪ ತಾಳ್ಮೆ ಇರಲಿ." ಎರಡನ್ನೂ ಹೇಳುವವರು ಸ್ವತಃ ಕಾಯಬೇಕಾಗಿಲ್ಲದವರು, ಅದು ಬೇರೆ ಮಾತು.

ನಾನು ಬರೆಯುತ್ತಿರುವುದು ನನ್ನ ಚಿಕ್ಕಮ್ಮನ ಮಗನ ವಿಷಯ. ಅವನೂ ಅವನ ಹುಡುಗಿಯೂ ಓದಿ, ಸರಿ ಎಂದ ಮೇಲೆಯೇ ಹಾಕುತ್ತಿದ್ದೇನೆ. ಹೆಸರು ಬೇಡ.

ಚಿಕ್ಕಮ್ಮ, ಚಿಕ್ಕಪ್ಪ ಡೈವೋರ್ಸ್ ಆದವರಲ್ಲ. ಇದನ್ನು ಮೊದಲೇ ಹೇಳಬೇಕು. ಯಾಕೆಂದರೆ ನಮ್ಮ ಕಡೆ ಕೆಟ್ಟ ದಾಂಪತ್ಯ ಕೋರ್ಟಿಗೆ ಹೋಗುವುದು ಕಡಿಮೆ. ಒಂದೇ ರೇಷನ್ ಕಾರ್ಡಿನಲ್ಲಿ, ಒಂದೇ ಸೂರಿನಡಿ ಮೂವತ್ತು ವರ್ಷ ನಡೆಯುತ್ತದೆ. ಆ ಮನೆಯಲ್ಲಿ ಹೊಡೆತ ಬಡಿತ ಇರಲಿಲ್ಲ. ಮಾತೇ ಇರಲಿಲ್ಲ. ತಿಂಗಳುಗಟ್ಟಲೆ ಮಾತು ಬಿಟ್ಟು, ಮಗನ ಮೂಲಕ ಸಂಸಾರ ನಡೆಸುತ್ತಿದ್ದರು. "ಊಟಕ್ಕೆ ಬರ್ತಾರಂತಾ ಕೇಳು ನಿಮ್ಮಪ್ಪನ್ನ" ಎಂದು ಚಿಕ್ಕಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಹೇಳುತ್ತಿದ್ದರು. ಚಿಕ್ಕಪ್ಪ ಕೂತಿರುತ್ತಿದ್ದುದು ನಾಲ್ಕು ಹೆಜ್ಜೆ ಆಚೆ. ಅವರು ಪೇಪರ್‌ನಿಂದ ತಲೆ ಎತ್ತದೆ, "ಹಸಿವಿಲ್ಲ ಅಂತ ಹೇಳು" ಎನ್ನುತ್ತಿದ್ದರು. ಏಳು ವರ್ಷದ ಹುಡುಗ ಇಬ್ಬರ ನಡುವೆ ಆ ನಾಲ್ಕು ಹೆಜ್ಜೆ ಓಡಾಡುತ್ತಿದ್ದ. ಸಂಜೆ ಬೈಕಿನ ಸ್ಟ್ಯಾಂಡ್ ಹಾಕುವ ಸದ್ದಿನಲ್ಲೇ ಅವತ್ತು ರಾತ್ರಿ ಹೇಗಿರುತ್ತದೆ ಅಂತ ಅವನಿಗೆ ಗೊತ್ತಾಗುತ್ತಿತ್ತಂತೆ.

ಈಗ ಅವನಿಗೆ ಮೂವತ್ತೆರಡು. ಬೆಂಗಳೂರಿನಲ್ಲಿ ಕೆಲಸ. ಹುಡುಗಿ ಅವನಿಗಿಂತ ಎರಡು ವರ್ಷ ಚಿಕ್ಕವಳು. ಮದುವೆ ಮಾತು ಬಂದಾಗಲೆಲ್ಲ ಮುಂದೂಡಲು ಪಂಚಾಂಗವೇ ಇವನ ನೆರವಿಗೆ ಬರುತ್ತಿತ್ತು. ಆಷಾಢ ಕಳೀಲಿ. ಪಿತೃಪಕ್ಷ ಮುಗೀಲಿ. ಧನುರ್ಮಾಸ ಬಂತಲ್ಲ. ಪಂಚಾಂಗ ಕೈಕೊಟ್ಟ ತಿಂಗಳಲ್ಲಿ ಅಪ್ರೈಸಲ್ ಇರುತ್ತಿತ್ತು.

ಇಂಥವರಿಗೆ ಮದುವೆ ಎಂದರೆ ಭಯ ಎಂದು ಸುಮ್ನೆ ಹೇಳಿಬಿಡುತ್ತೇವೆ. ಆದರೆ ಭಯ ನಿಖರವಾಗಿ ಯಾವುದಕ್ಕೆ? ಇವನ ವಿಷಯದಲ್ಲಿ ಅದು ಗೊತ್ತಾಗಿದ್ದು ಒಂದು ಕುಕ್ಕರ್‌ನಿಂದ. ಹುಡುಗಿ ಒಂದು ದಿನ ಆಫೀಸಿನ ಯಾವುದೋ ಸಿಟ್ಟಿಗೆ ಕುಕ್ಕರ್ ಮುಚ್ಚಳವನ್ನು ಸಿಂಕಿಗೆ ಕುಕ್ಕಿದಳು. ಅಷ್ಟೇ. ಇವನು ಎದ್ದು ಬಂದು, ಒಂದೂ ಮಾತಾಡದೆ ಇದ್ದಬದ್ದ ಪಾತ್ರೆಗಳನ್ನೆಲ್ಲ ತೊಳೆದಿಟ್ಟು ಮನೆಗೆ ಹೋಗಿಬಿಟ್ಟ. ನಾಲ್ಕು ದಿನ ಫೋನ್ ಎತ್ತಲಿಲ್ಲ. ಅವಳಿಗೆ ಅದು ಎರಡು ನಿಮಿಷದ ಸಿಟ್ಟು. ಅವನಿಗೆ ಅದು ಮೂವತ್ತು ವರ್ಷದ ಮೌನದ ಮೊದಲ ದಿನ.

ಜಗಳ ಶುರುವಾಗುವುದನ್ನು ಅವನು ಬೇಕಾದಷ್ಟು ಸಲ ನೋಡಿದ್ದಾನೆ. ಮುಗಿಯುವುದನ್ನು ನೋಡಿಲ್ಲ. ನಮ್ಮ ಮನೆಯಲ್ಲೂ ಅಪ್ಪ ಅಮ್ಮ ಜಗಳ ಆಡುತ್ತಿದ್ದರು, ಜೋರಾಗಿಯೇ. ಆದರೆ ರಾತ್ರಿ ಅಪ್ಪ "ಸಾರು ಚೆನ್ನಾಗಿದೆ ಕಣೇ" ಎಂದರೆ ಅಮ್ಮ "ಈಗ ಸಾರು ನೆನಪಾಯ್ತಾ" ಎನ್ನುತ್ತಿದ್ದಳು. ಅಲ್ಲಿಗೆ ಅದು ಮುಗಿದಂತೆ ಅಂತ ನಮಗೆಲ್ಲ ಗೊತ್ತಿತ್ತು. ಮಾರ್ಕ್ ಕಮಿಂಗ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಇದನ್ನೇ ಮಕ್ಕಳಲ್ಲಿ ಪರೀಕ್ಷೆ ಮಾಡಿ ನೋಡಿದವರು. ದೊಡ್ಡವರ ಜಗಳ ಬೇರೆ ಬೇರೆ ರೀತಿ ಕೊನೆಯಾಗುವುದನ್ನು ಮಕ್ಕಳಿಗೆ ತೋರಿಸಿದರು. ರಾಜಿಯಾಗಿ ಮುಗಿದ ಜಗಳ ನೋಡಿದ ಮಕ್ಕಳು ಅಷ್ಟಾಗಿ ಕಂಗೆಡಲಿಲ್ಲ. ಮುಗಿಯದೆ ಹಾಗೇ ಉಳಿದ ಜಗಳ, ಮಾತು ಬಿಟ್ಟು ಮುಖ ತಿರುಗಿಸುವ ಜಗಳ ಅವರನ್ನು ಕಾಡಿತು. ಅಂದರೆ ಜಗಳ ಇತ್ತೋ ಇಲ್ಲವೋ ಎನ್ನುವುದಕ್ಕಿಂತ ಅದು ಹೇಗೆ ಮುಗಿಯಿತು ಎನ್ನುವುದು ಮುಖ್ಯ.

"ಮಕ್ಕಳಿಗೋಸ್ಕರ ಜೊತೇಲಿದ್ದೀವಿ" ಎನ್ನುವವರಿಗೆ ಇಲ್ಲೇ ಒಂದು ಮಾತು. ಪಾಲ್ ಅಮಾಟೊ ಮತ್ತು ಆಲನ್ ಬೂತ್ ಎಂಬ ಸಂಶೋಧಕರು ಅಮೆರಿಕದಲ್ಲಿ 1980ರಲ್ಲಿ ಶುರುವಾದ ಒಂದು ಅಧ್ಯಯನದಲ್ಲಿ ಗಂಡ ಹೆಂಡಿರನ್ನೂ, ಆಮೇಲೆ ದೊಡ್ಡವರಾದ ಅವರ ಮಕ್ಕಳನ್ನೂ ವರ್ಷಗಟ್ಟಲೆ ಮಾತಾಡಿಸುತ್ತಾ ಹೋದರು. ತೀರಾ ಜಗಳದ ಮನೆಗಳಲ್ಲಿ ಅಪ್ಪ ಅಮ್ಮ ಬೇರೆಯಾದಾಗಲೇ ಮಕ್ಕಳು ಹೆಚ್ಚು ಚೆನ್ನಾಗಿದ್ದರು. ಅಷ್ಟೇನೂ ಜಗಳವಿಲ್ಲದ ಮನೆ ಒಡೆದಾಗ ಮಾತ್ರ ಮಕ್ಕಳಿಗೆ ಜಾಸ್ತಿ ಪೆಟ್ಟು ಬಿತ್ತು. ಚಿಕ್ಕಮ್ಮನಿಗೆ ಇದನ್ನು ಹೇಳಿದ್ದೆ. "ನಮ್ಮಲ್ಲಿ ಹಾಗೆಲ್ಲ ಆಗುತ್ತೇನೇ?" ಎಂದರು. ಅವರ ಕಾಲಕ್ಕೆ, ಅವರ ಕೈಯಲ್ಲಿದ್ದ ದುಡ್ಡಿಗೆ, ಆಗುತ್ತಿರಲಿಲ್ಲ ಎನ್ನುವುದೂ ನಿಜ.

ಇನ್ನು ತಾಳ್ಮೆಯ ಲೆಕ್ಕ. ತಾಳ್ಮೆಯನ್ನು ವರ್ಷದಲ್ಲಿ ಅಳೆಯಬಾರದು ಎನ್ನುವುದು ನನ್ನ ಅಭಿಪ್ರಾಯ. ಹೆದರುವವನು ತನ್ನ ಭಯದ ಕೆಲಸವನ್ನು ತಾನೇ ಹೊತ್ತುಕೊಂಡಿದ್ದಾನಾ, ಅಷ್ಟು ನೋಡಿದರೆ ಸಾಕು. ಹೊತ್ತಿದ್ದರೆ ಎರಡು ವರ್ಷ ಕಾದರೂ ಮೋಸವಿಲ್ಲ. ಹೊತ್ತಿಲ್ಲದಿದ್ದರೆ ಆರು ತಿಂಗಳೂ ಜಾಸ್ತಿಯೇ.

ಭಯ ಯಾವುದು, ಮನಸ್ಸಿಲ್ಲದಿರುವುದು ಯಾವುದು ಎಂದು ತಿಳಿಯಲು ನನಗೆ ಕಂಡ ಒಂದು ಗುರುತಿದೆ. ಭಯಪಡುವವನು ಎಲ್ಲಾ ಚೆನ್ನಾಗಿರುವಾಗಲೇ ಒದ್ದಾಡುತ್ತಾನೆ. ಇಬ್ಬರೂ ಸಕಲೇಶಪುರಕ್ಕೆ ಹೋಗಿ ಖುಷಿಯಾಗಿ ಬಂದ ವಾರವೇ ಇವನು ಏನೋ ಒಂದು ಸಣ್ಣ ವಿಷಯಕ್ಕೆ ತಗಾದೆ ತೆಗೆದ. ಹತ್ತಿರ ಬಂದಷ್ಟೂ ಕಳೆದುಕೊಳ್ಳುವ ಹೆದರಿಕೆ ಏರುತ್ತದೆ. ಮನಸ್ಸಿಲ್ಲದವನು ಹಾಗಲ್ಲ. ಅವನಿಗೆ ಯಾವ ಒದ್ದಾಟವೂ ಇರುವುದಿಲ್ಲ. ಅವನು ಆರಾಮಾಗಿರುತ್ತಾನೆ, ಸಿಹಿಯಾಗಿ ಮಾತಾಡುತ್ತಾನೆ, ತಾರೀಕು ಮಾತ್ರ ಹೇಳುವುದಿಲ್ಲ. ನಿಮ್ಮನ್ನು ತನ್ನ ಗೆಳೆಯರಿಗೂ ಪರಿಚಯಿಸಿರುವುದಿಲ್ಲ. ಅವನ ಅಪ್ಪ ಅಮ್ಮನ ಕಥೆ ಎಷ್ಟೇ ಕಹಿಯಾಗಿದ್ದರೂ ಅಂಥವನಿಗಾಗಿ ಕಾಯಬೇಡಿ.

ನಮ್ಮ ಹುಡುಗ ಒಂದು ರಾತ್ರಿ ಬಾಯಿಬಿಟ್ಟ. "ನಿನ್ನ ಮೇಲೆ ಡೌಟಿಲ್ಲ ಕಣೇ. ನಾನು ಅಪ್ಪನ ಥರ ಪೇಪರ್ ಹಿಡ್ಕೊಂಡು ಕೂತ್ಬಿಡ್ತೀನಿ ಅನ್ನೋ ಭಯ." ತಾಳ್ಮೆಯ ಗಡಿಯಾರ ನನ್ನ ಪ್ರಕಾರ ಆ ರಾತ್ರಿಯಿಂದ ಶುರು. ಅದಕ್ಕಿಂತ ಹಿಂದಿನ ವರ್ಷಗಳನ್ನು ಅವನ ಲೆಕ್ಕಕ್ಕೆ ಹಾಕುವುದು ನ್ಯಾಯವಲ್ಲ, ಅವನಿಗೇ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಸುಮ್ಮನಿದ್ದರೆ ಅದು ಅವನ ಜವಾಬ್ದಾರಿ.

ಹುಡುಗಿ ಮಾಡಿದ್ದು ನನಗೆ ಇಷ್ಟವಾಯಿತು. "ಮದುವೆ ಆಗ್ತೀಯೋ ಇಲ್ವೋ ಈಗಲೇ ಹೇಳು" ಎಂದು ಕೂರಲಿಲ್ಲ. ಹೀಗೆ ಹೇಳಿದಳು: "ಮುಂದಿನ ಯುಗಾದಿವರೆಗೆ ನಮ್ಮನೇಲಿ ಸಂಬಂಧ ನೋಡೋದನ್ನ ನಾನು ತಡೀತೀನಿ. ಆಮೇಲೆ ತಡೆಯಲ್ಲ." ಇದು ಬೆದರಿಕೆ ಅಲ್ಲವಾ ಎಂದು ಯಾರೋ ಕೇಳಿದರು. ಅಲ್ಲ. ಅವಳು ಹೇಳಿದ್ದು ತಾನೇನು ಮಾಡುತ್ತೇನೆ ಅಂತ, ಅವನೇನು ಮಾಡಬೇಕು ಅಂತಲ್ಲ. ಮನೆಯವರ ಒತ್ತಡ ತಡೆಯುತ್ತಿದ್ದವಳು ಅವಳೊಬ್ಬಳೇ. ಪ್ರತಿ ಭಾನುವಾರ ಯಾರದೋ ಬಯೋಡಾಟಾ ವಾಟ್ಸಾಪಿಗೆ ಬರುತ್ತಿತ್ತು. ಆ ಭಾರ ಅವನಿಗೆ ಕಾಣುತ್ತಲೇ ಇರಲಿಲ್ಲ.

ಅದರ ಜೊತೆಗೆ ಎರಡು ವಿಷಯ ಕೇಳಿದಳು. ಕೌನ್ಸೆಲಿಂಗ್‌ಗೆ ಹೋಗಬೇಕು, ಅದೂ ಅವನೇ ಹುಡುಕಿಕೊಂಡು. ಅಪಾಯಿಂಟ್‌ಮೆಂಟ್ ಅವಳು ತೆಗೆದುಕೊಟ್ಟರೆ ಅವಳ ಕೆಲಸವಾಗಿಬಿಡುತ್ತದೆ, ಅಲ್ವಾ? ಎರಡನೆಯದು ಇನ್ನೂ ಸಣ್ಣದು. ಜಗಳವಾದಾಗ ಎದ್ದುಹೋಗಬಹುದು, ಆದರೆ ಯಾವಾಗ ವಾಪಸ್ ಮಾತಾಡ್ತೀನಿ ಅಂತ ಹೇಳಿ ಹೋಗಬೇಕು. "ಒಂಬತ್ತು ಗಂಟೆಗೆ ಫೋನ್ ಮಾಡ್ತೀನಿ" ಎಂದರೆ ಒಂಬತ್ತಕ್ಕೆ ಮಾಡಬೇಕು. ದಂಪತಿಗಳ ಜಗಳವನ್ನೇ ಅಧ್ಯಯನ ಮಾಡಿದ ಜಾನ್ ಗಾಟ್‌ಮನ್ ಹೇಳುವಂತೆ ಸಿಟ್ಟು, ಗಾಬರಿಯಲ್ಲಿ ಮೈ ಬಿಸಿಯಾದರೆ ಇಳಿಯಲು ಕನಿಷ್ಠ 20 ನಿಮಿಷವಾದರೂ ಬೇಕು. ಹಾಗಾಗಿ ಎದ್ದುಹೋಗುವುದು ತಪ್ಪಲ್ಲ. ಯಾವಾಗ ಬರುತ್ತೇನೆ ಅಂತ ಹೇಳದೆ ಹೋಗುವುದೇ ಅವನ ಅಪ್ಪನ ಮನೆಯ ಪದ್ಧತಿ.

ಕೌನ್ಸೆಲಿಂಗ್ ಮೊದಲ ಸಲ ಕೈಕೊಟ್ಟಿತು. ಅವರು "ನಿಮ್ಮ ತಂದೆಯನ್ನು ಕ್ಷಮಿಸಿ" ಎಂದರಂತೆ, ಇವನು ಬಿಟ್ಟು ಬಂದ. ಒಂದು ತಿಂಗಳ ನಂತರ ತಾನಾಗಿಯೇ ಬೇರೆಯವರನ್ನು ಹುಡುಕಿದ. ನನಗೆ ಧೈರ್ಯ ಬಂದಿದ್ದು ಈ ಎರಡನೇ ಹುಡುಕಾಟದಿಂದ. ದುಡ್ಡು ಕಷ್ಟ ಎನ್ನುವವರಿಗೆ ಹೇಳಿಬಿಡುತ್ತೇನೆ: ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಉಚಿತ. ನಿಮ್ಹಾನ್ಸ್‌ನಲ್ಲಿ ಕುಟುಂಬದ ಸಮಸ್ಯೆಗಳಿಗೆಂದೇ ಒಂದು ವಿಭಾಗವಿದೆ.

ಯುಗಾದಿ ಬಂತು. ಅವನು ಆಗಲೇ ಅವಳ ಅಪ್ಪ ಅಮ್ಮನನ್ನು ಭೇಟಿಯಾಗಿದ್ದ, ತನ್ನ ಮನೆಯ ಕಥೆಯನ್ನು ಮುಚ್ಚಿಡದೆ ಅವರಿಗೆ ಹೇಳಿದ್ದ. ತಾರೀಕು ಮಾತ್ರ ಹೇಳಲು ಆಗಲಿಲ್ಲ. ದೀಪಾವಳಿವರೆಗೆ ಕೊಡು ಎಂದ. ಅವಳು ಕೊಟ್ಟಳು. ಅವಳ ಗೆಳತಿಯರೆಲ್ಲ ಬೈದರು, ನನ್ನನ್ನೂ ಸೇರಿಸಿ ಬೈದರು. ಆದರೆ ಆ ಒಂದು ವರ್ಷದಲ್ಲಿ ಅವರ ಜಗಳಗಳು ಮುಗಿಯಲು ಶುರುವಾಗಿದ್ದವು. ಮೊದಲು ನಾಲ್ಕು ದಿನದ ಮೌನ, ಆಮೇಲೆ ಒಂದು ದಿನದ್ದು, ಈಗ ಒಂಬತ್ತು ಗಂಟೆಯ ಫೋನ್. ಅವನು ಒಂದು ಹೆಜ್ಜೆಯೂ ಇಡದೆ ಅದೇ ಮಾತು ಕೇಳಿದ್ದರೆ ಬೇಡ ಅಂತ ನಾನೇ ಹೇಳುತ್ತಿದ್ದೆ. ದೀಪಾವಳಿ ಆದಮೇಲೆ ಮತ್ತೊಂದು ಹಬ್ಬ ಕೇಳಿದರೂ ಬೇಡ ಅಂತಲೇ ಹೇಳುತ್ತೇನೆ, ಅವನು ನನ್ನ ತಮ್ಮನಾದರೂ. ಎಷ್ಟೇ ಪ್ರಾಮಾಣಿಕವಾಗಿ ಪ್ರಯತ್ನ ಮಾಡುತ್ತಿದ್ದರೂ ಅವಳ ವಯಸ್ಸು ಅವನಿಗೋಸ್ಕರ ನಿಲ್ಲುವುದಿಲ್ಲ. ಮಕ್ಕಳು ಬೇಕು ಎನ್ನುವವಳಿಗೆ ಅದು ಸಣ್ಣ ವಿಷಯ ಅಲ್ಲ.

ಅಂದಹಾಗೆ, ಇದೇ ಭಯ ಇರುವವಳು ಹುಡುಗಿಯಾಗಿದ್ದರೆ? ಅವಳಿಗೆ ಈ ಸಮಯವನ್ನು ಯಾರೂ ಕೊಡುವುದಿಲ್ಲ. "ಹಠ ಮಾಡ್ತಾಳೆ" ಎಂದು ಛತ್ರ ಬುಕ್ ಮಾಡಿಬಿಡುತ್ತಾರೆ. ಅದರ ಬಗ್ಗೆ ಬೇರೆಯೇ ಬರೆಯಬೇಕು.

ನಮ್ಮ ಹಿರಿಯರ ಔಷಧಿ ಒಂದಿದೆಯಲ್ಲ, "ಮದುವೆ ಮಾಡಿಬಿಡಿ, ತಾನಾಗೇ ಸರಿಹೋಗ್ತಾನೆ" ಅಂತ. ದಯವಿಟ್ಟು ಕಾಮೆಂಟಿನಲ್ಲಿ ಅದನ್ನು ಹಾಕಬೇಡಿ. ಜಗಳ ಮುಗಿಸಲು ಬಾರದವನನ್ನು ತಾಳಿ ಕಟ್ಟಿಸಿ ಅದೇ ಮನೆಯೊಳಗೆ ಕೂರಿಸಿದರೆ, ಎದ್ದುಹೋಗಲು ಅವನಿಗಿದ್ದ ಬಾಗಿಲೂ ಮುಚ್ಚುತ್ತದೆ. ಆಗ ಅವನು ಕೂತಲ್ಲೇ ಮೌನವಾಗುತ್ತಾನೆ. ಕೂಡಿಬರಲಿಲ್ಲ ಎಂದರೆ ಹಿಂದೂ ವಿವಾಹ ಕಾಯ್ದೆಯಲ್ಲಿ ಇಬ್ಬರೂ ಒಪ್ಪಿ ಬಿಡಬೇಕಾದರೂ ಅರ್ಜಿ ಹಾಕುವ ಮೊದಲು ಒಂದು ವರ್ಷ ಬೇರೆ ಇರಬೇಕು, ಆಮೇಲೆ ಸಾಮಾನ್ಯವಾಗಿ ಇನ್ನೂ ಆರು ತಿಂಗಳು ಕಾಯಬೇಕು. ಆ ಆರು ತಿಂಗಳನ್ನು ಕೋರ್ಟು ಮನ್ನಾ ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ, ಆದರೂ ಎಲ್ಲರಿಗೂ ಸಿಗುವುದಿಲ್ಲ. ಮದುವೆ ಮಾಡಿ ನೋಡೋಣ ಎನ್ನುವವರು ಆ ದಿನಗಳಲ್ಲಿ ಕೋರ್ಟಿನ ಬೆಂಚಿನ ಮೇಲೆ ಜೊತೆಗೆ ಬಂದು ಕೂರುವುದಿಲ್ಲ.

ಚಿಕ್ಕಮ್ಮ ಮೊನ್ನೆ ಫೋನ್ ಮಾಡಿ, "ಆ ಹುಡುಗಿಗೆ ಯಾಕಿಷ್ಟು ಅವಸರ?" ಎಂದರು. "ಅವಸರ ಅಲ್ಲ ಚಿಕ್ಕಮ್ಮ, ಐದು ವರ್ಷ ಆಯ್ತು" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇವನು ಅವಳ ಹತ್ರ ಜಗಳ ಆಡ್ತಾನಾ?" ಎಂದು ಕೇಳಿದರು. "ಆಡ್ತಾನೆ, ಆಮೇಲೆ ಫೋನ್ ಮಾಡ್ತಾನೆ" ಎಂದೆ. "ಹಾಗಾದ್ರೆ ಪರವಾಗಿಲ್ಲ" ಎಂದರು ಚಿಕ್ಕಮ್ಮ.