ಸ್ವಾಗತ ಮುಗಿಯುವಷ್ಟರಲ್ಲಿ ಹಾಲು ಕರೆಯುವ ಹೊತ್ತಾಗಿತ್ತು

ಈಗಷ್ಟೇ ಒಂದು ಡೇರಿ ಸಭೆ ಮುಗಿಸಿ ಬಂದೆ, ಸಿಟ್ಟು ಇನ್ನೂ ಇಳಿದಿಲ್ಲ. ಕೆಚ್ಚಲು ಬಾವಿನ ಬಗ್ಗೆ ತಿಳಿಸಲು ಪಶುವೈದ್ಯರು ಬಂದಿದ್ದರು. ಅಧ್ಯಕ್ಷರ ಸ್ವಾಗತ ಭಾಷಣವೇ ಮುಕ್ಕಾಲು ಗಂಟೆ. ಡಾಕ್ಟರ ಪದವಿಗಳು, ವೇದಿಕೆ ತುಂಬ ಕೂತವರ ಹೆಸರು, ಒಬ್ಬೊಬ್ಬರಿಗೂ ಶಾಲು. ಡಾಕ್ಟರ ಕೈಗೆ ಮೈಕ್ ಸಿಗುವಾಗ ಹೆಂಗಸರು ಎದ್ದು ಹೊರಟಿದ್ದರು. ಸಂಜೆ ಹಾಲು ಕರೆಯಬೇಕಲ್ಲ! ದಿನಕ್ಕೆರಡು ಸಲ ಕೆಚ್ಚಲು ಮುಟ್ಟುವವರು ಅವರೇ, ಕೇಳಬೇಕಾದವರೂ ಅವರೇ.

ಸ್ವಾಗತ ಭಾಷಣಕ್ಕೆ ಐದು ನಿಮಿಷ ಸಾಕು. ಡಾಕ್ಟರು ಯಾರೆಂದು ಊರಿಗೆ ಹೇಳುವಷ್ಟೇ ಊರಿನ ತೊಂದರೆ ಏನೆಂದು ಡಾಕ್ಟರಿಗೂ ಹೇಳಬೇಕು. ಅದು ಕಾರ್ಯದರ್ಶಿಯ ಪುಸ್ತಕದಲ್ಲೇ ಇರುತ್ತದೆ, ಹಾಲಿನ ಎಸ್‌ಎನ್‌ಎಫ್ ಲೆಕ್ಕದಲ್ಲಿ, ಅಂದರೆ ಕೊಬ್ಬು, ನೀರು ಬಿಟ್ಟು ಉಳಿದ ಅಂಶದ ಲೆಕ್ಕದಲ್ಲಿ. ಅಧ್ಯಕ್ಷರು ಹೀಗೆ ಮಾತಾಡಬಹುದಿತ್ತು:

"ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಡಾಕ್ಟರು ಬಂದಿರುವುದು ಕೆಚ್ಚಲು ಬಾವಿನ ಬಗ್ಗೆ ಹೇಳಲು. ಡಾಕ್ಟರೇ, ನಮ್ಮಲ್ಲಿ ಕೆಲವರ ಹಾಲಿನ ಎಸ್‌ಎನ್‌ಎಫ್ 8.5ರಿಂದ 8.2ಕ್ಕೆ ಇಳಿದಿದೆ. ನೀರು ಬೆರೆಸಿಲ್ಲ ಅಂತಾರೆ. ಕೆಚ್ಚಲು ಊದಿಲ್ಲ, ಹಾಲು ಒಡೆದಿಲ್ಲ, ಆದರೆ ಹಾಲು ಕಡಿಮೆಯಾಗಿದೆ. ಇದು ಒಳಗಿನ ಬಾವೇ? ಪಕ್ಕದಲ್ಲೇ ಒಂದು ಹಸು ಕಟ್ಟಿಸಿದ್ದೇವೆ, ಪರೀಕ್ಷೆ ಮಾಡಿ ತೋರಿಸಿ."

ಹೀಗೆ ಕೇಳಿದ್ದರೆ ಡಾಕ್ಟರು ನೇರ ವಿಷಯಕ್ಕೇ ಇಳಿಯುತ್ತಿದ್ದರು. ಒಳಬಾವಿನಲ್ಲಿ ಹಾಲು ನೋಡಲು ಚೆನ್ನಾಗಿಯೇ ಇರುತ್ತದೆ. ಕೆಚ್ಚಲಿನ ಒಳಗೆ ಪೆಟ್ಟಾಗಿ ಹಾಲಿನ ಸಕ್ಕರೆಯಂಶ ತಗ್ಗುವುದರಿಂದ ಎಸ್‌ಎನ್‌ಎಫ್ ಬೀಳಬಹುದು. ಮೇವು ಸಾಲದೆಯೂ ಬೀಳಬಹುದು, ಅದಕ್ಕೇ ಪರೀಕ್ಷೆ ಬೇಕು. ನಾಲ್ಕು ಗುಂಡಿಯ ತಟ್ಟೆಯಲ್ಲಿ ಒಂದೊಂದು ಮೊಲೆಯ ಹಾಲನ್ನು ಒಂದೊಂದು ಗುಂಡಿಗೆ ಸುಮಾರು 2 ಮಿಲಿಲೀಟರ್ ಹಿಂಡಿ, ಬಾವು ಪತ್ತೆಹಚ್ಚುವ ಸಿಎಮ್‌ಟಿ ದ್ರಾವಣವನ್ನು ಅಷ್ಟೇ ಹಾಕಿ, ತಟ್ಟೆಯನ್ನು ಹತ್ತು ಸೆಕೆಂಡ್ ತಿರುಗಿಸಬೇಕು. ಒಳ್ಳೆಯ ಹಾಲು ನೀರಿನಂತೆ ಹರಿದಾಡುತ್ತದೆ. ಬಾವಿರುವ ಮೊಲೆಯ ಹಾಲು ಲೋಳೆಯಂತೆ ಗಟ್ಟಿಯಾಗಿ ಗುಂಡಿಯ ನಡುವೆ ಗುಡ್ಡೆ ಕಟ್ಟುತ್ತದೆ. ಕ್ಯಾನಿನ ಹಾಲು ತಂದು ಪರೀಕ್ಷಿಸಿದರೆ ಮೂರು ಮೊಲೆಯ ಒಳ್ಳೆಯ ಹಾಲಿನಲ್ಲಿ ನಾಲ್ಕನೆಯದರ ದೋಷ ಮುಚ್ಚಿಹೋಗಬಹುದು. ಹಸುವನ್ನೇ ಕಟ್ಟಿಸಬೇಕು ಅನ್ನುವುದು ಇದಕ್ಕೇ.

ಬಾವು ಕಂಡ ಹಸುವನ್ನು ಕೊನೆಗೆ ಕರೆಯಬೇಕು, ಕೈಯಿಂದ ರೋಗ ದಾಟದಿರಲಿ ಎಂದು. ಕರೆದ ಮೇಲೆ ಮೊಲೆತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ ತೆಗೆದು, ಮುಂದೆ ಮೇವು ಹಾಕಿ ಅರ್ಧ ಗಂಟೆ ನಿಲ್ಲಿಸಬೇಕು. ತೊಟ್ಟಿನ ಬಾಯಿ ಆಗ ಇನ್ನೂ ತೆರೆದೇ ಇರುತ್ತದೆ. ತಕ್ಷಣ ಸಗಣಿಯಲ್ಲಿ ಮಲಗಿದರೆ ರೋಗಾಣು ಸಲೀಸಾಗಿ ಒಳಹೋಗುತ್ತದೆ.

ಅತಿಥಿಗೆ ಮರ್ಯಾದೆ ಮಾಡಬೇಡವೇ ಅಂತ ಕೇಳುವವರಿದ್ದಾರೆ. ಮಾಡಿ, ಒಂದು ಹಾರ ಹಾಕಿ. ದೂರದಿಂದ ಬಂದ ಡಾಕ್ಟರನ್ನು ಖಾಲಿ ಕುರ್ಚಿಗಳ ಮುಂದೆ ಮಾತಾಡಿಸುವುದು ಯಾವ ಮರ್ಯಾದೆ?

ಇವತ್ತು ಆ ನಾಲ್ಕು ಗುಂಡಿಯ ತಟ್ಟೆ ಡಾಕ್ಟರ ಚೀಲದಿಂದ ಹೊರಗೇ ಬರಲಿಲ್ಲ.