ಕೊರತೆಯ ಕತೆ ಹೇಳಿ

"ಅಜ್ಜ ಅಂಗಡಿ ಶುರು ಮಾಡಿದ ಕತೆ ಒಂದೇ ಪೋಸ್ಟ್‌ಗೆ ಮುಗಿದುಹೋಯ್ತು. ಮುಂದೆ ಏನು ಹಾಕೋದು?"

ಶುರುವಾದ ದಿನವನ್ನು ಬಿಡಿ ಸರ್, ಕಷ್ಟ ಬಂದ ದಿನಗಳನ್ನು ಹುಡುಕಿ. ಬೆಂಗಳೂರಿನ ಎಂಟಿಆರ್ ನೋಡಿ. 1924ರಲ್ಲಿ ಶುರುವಾಯ್ತು ಅನ್ನೋದು ಒಂದು ಸಾಲು ಅಷ್ಟೇ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಮಾಡಿದರು ಅಂತ ಅವರೇ ಹೇಳಿಕೊಂಡು ಬಂದಿದ್ದಾರೆ. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿ ಬೆಲೆ ಇಳಿಸಿದಾಗ ಹೋಟೆಲ್ ನಡೆಸೋಕೆ ಆಗಲಿಲ್ಲ, ಪುಡಿ, ಮಿಕ್ಸ್ ಮಾರಾಟಕ್ಕೆ ಇಳಿದರು. ಎರಡರಲ್ಲೂ ಎಳೆ ಒಂದೇ: ಏನೋ ಕೈತಪ್ಪಿತು, ಇನ್ನೇನೋ ಹುಟ್ಟಿತು.

ನೀವೂ ಪ್ರತಿ ಕಂತಿಗೆ ಇದೇ ಅಚ್ಚು ಇಟ್ಟುಕೊಳ್ಳಿ. ಆ ವರ್ಷ ಏನು ಸಿಗಲಿಲ್ಲ, ಮನೆಯಲ್ಲಿ ಯಾರು ಬೇಡ ಅಂದರು, ಕೊನೆಗೆ ಏನು ಮಾಡಿದರು, ಅದರಲ್ಲಿ ಇವತ್ತಿಗೂ ಕೌಂಟರ್ ಮೇಲೆ ಏನಿದೆ. ಈ ಕೊನೆಯದು ಬಿಟ್ಟುಹೋದರೆ ಪೋಸ್ಟ್ ಸುಮ್ನೆ ಹಳೇ ಫೋಟೋ ಆಲ್ಬಮ್ ಆಗುತ್ತೆ. ಕತೆ ಸಿಗೋದು ಹಳೇ ಲೆಕ್ಕದ ಪುಸ್ತಕದಲ್ಲಿ. ಒಂದು ಸರಕಿನ ಹೆಸರು ಇದ್ದಕ್ಕಿದ್ದಂತೆ ನಿಂತುಹೋದ ಪುಟ ನೋಡಿ, ಯಾಕೆ ಅಂತ ಮನೆಯ ಹಿರಿಯರನ್ನು ಕೇಳಿ. ಪುರಾವೆ ಇಲ್ಲದ ಮಾತಿಗೆ "ಮನೆಯಲ್ಲಿ ಹೇಳೋದು ಹೀಗೆ" ಅಂತ ಸೇರಿಸಿ. "ಮೊದಲು ಮಾಡಿದ್ದು ನಾವೇ" ಅಂದರೆ ಪಕ್ಕದ ಬೀದಿಯವರು ಕಾಮೆಂಟ್‌ನಲ್ಲೇ ಜಗಳಕ್ಕೆ ಬರ್ತಾರೆ, ಅಲ್ವಾ?

ಲೈಕ್ ಎಣಿಸಬೇಡಿ. ಕೆಳಗೆ ಬರೀ "ಶುಭಾಶಯಗಳು" ಬಂದರೆ ಕಂತು ಕೂತಿಲ್ಲ. "ನಮ್ಮಮ್ಮ ಅಲ್ಲೇ ತರ್ತಿದ್ದರು" ಅಂತ ಬಂದರೆ ಅವರನ್ನೇ ಕೇಳಿ, ಮುಂದಿನ ಕಂತು ಅಲ್ಲೇ ಸಿಗುತ್ತೆ.