ನೆಲಕ್ಕೆ ಬಡಿದ ಲಿಫ್ಟ್

'ನಾಲ್ಕನೇ ಮಹಡಿಯಲ್ಲಿರುವ ಲಿಫ್ಟ್ 6 ಮಹಡಿ ಕೆಳಗಿಳಿದರೆ ಎಲ್ಲಿರುತ್ತದೆ?' ಪೂರ್ಣಾಂಕಗಳ ಪಾಠ ಮುಗಿದ ಕೂಡಲೇ ಕಿರುಪರೀಕ್ಷೆಗೆ ಬರುವ ಈ ಪ್ರಶ್ನೆ ನಿಮಗೂ ಗೊತ್ತು. ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಹುಡುಗಿಯೊಬ್ಬಳು 'ನೆಲಕ್ಕೆ ಬಡಿಯುತ್ತದೆ' ಎಂದು ಬರೆದಳು. ಮೇಷ್ಟರು ಸೊನ್ನೆ ಸುತ್ತಿ, 'ಸಾಮಾನ್ಯ ಜ್ಞಾನವಿಲ್ಲ' ಎಂದು ಕೆಂಪು ಶಾಯಿಯಲ್ಲಿ ಷರಾ ಬರೆದರು.

ಸರಿಯಾಗಿಯೇ ಬರೆದರು. ಕಾರು ನಿಲ್ಲಿಸಲು ಜನ ನೆಲದಡಿ ಎರಡು ಅಂತಸ್ತು ಕಟ್ಟಿಕೊಳ್ಳುತ್ತಾರೆ ಎಂಬುದು ಗೊತ್ತಿಲ್ಲದವಳಿಗೆ ಗಣಿತವೇಕೆ? ತೊಡಕೇನೆಂದರೆ, ಅದೇ ಹಾಳೆಯ ಮೇಲ್ಭಾಗದಲ್ಲಿ ಅವಳು 4 − 6 = −2 ಎಂದು ತಪ್ಪಿಲ್ಲದೆ ಬರೆದಿದ್ದಳು. ಲೆಕ್ಕ ಬರುತ್ತಿತ್ತು, ಲಿಫ್ಟ್ ಬರುತ್ತಿರಲಿಲ್ಲ. 'ನೆಲಮಹಡಿ 0, ಅದರಡಿಯ ಮೊದಲ ಅಂತಸ್ತು −1' ಎಂಬ ಒಂದು ಸಾಲು ಪ್ರಶ್ನೆಯಲ್ಲಿದ್ದರೆ ಸಾಕಿತ್ತು.

ಆದರೆ ನಮ್ಮಲ್ಲಿ ಸುಧಾರಣೆ ಎಂದರೆ ಹೆಸರು ಬದಲಾವಣೆ. ಮುಂದಿನ ಪರೀಕ್ಷೆಯಲ್ಲಿ ರೋಹನ್ ಹೋಗಿ ಗೌರಮ್ಮ ಬಂದಳು, ಪಿಜ್ಜಾದ ಎಂಟರಲ್ಲಿ ಮೂರು ಭಾಗ ತಿಂದಳು. ಗ್ರಾಮೀಣ ಸೊಗಡಿಗೆಂದು ಇನ್ನೊಂದು ಪ್ರಶ್ನೆ: 'ಅವಳ 2 ಎಕರೆಯಲ್ಲಿ 30 ಗುಂಟೆ ಮಾರಿದರೆ ಉಳಿದದ್ದೆಷ್ಟು?' ಎಕರೆಗೆ 40 ಗುಂಟೆ ಎಂದು ಹೇಳದ ಕಾರಣ, ಈ ಬಾರಿ ಅಪಾರ್ಟ್‌ಮೆಂಟಿನ ಮಕ್ಕಳು ಪೆನ್ನು ಕಚ್ಚುತ್ತಾ ಕುಳಿತರು. ಉತ್ತರ 50 ಗುಂಟೆ. ಹುಡುಗಿ ಕಣ್ಣು ಮುಚ್ಚಿ ಬರೆದಳು. ಸಮಾನತೆ ಎಂದರೆ ಸರದಿಯ ಪ್ರಕಾರ ಅನ್ಯಾಯ ಮಾಡುವುದು ಎಂದು ಮೇಷ್ಟರು ತಿಳಿದಂತಿದೆ.

ಇನ್ನು ಕಾಲ ಮತ್ತು ಕೆಲಸದ ಲೆಕ್ಕಗಳು. ಸ್ಪರ್ಧಾತ್ಮಕ ಪರೀಕ್ಷೆಯ ಯಾವ ಗೈಡ್ ತೆರೆದರೂ '3 ಗಂಡಸರು ಅಥವಾ 5 ಹೆಂಗಸರು' ಗೋಡೆ ಕಟ್ಟುತ್ತಿರುತ್ತಾರೆ. ಎನ್‌ಸಿಇಆರ್‌ಟಿಯ 10ನೇ ತರಗತಿಯ ಗಣಿತದಲ್ಲಿ ಮಾತ್ರ ಹೆಂಗಸರು ಗೆದ್ದಿದ್ದರು: ಗಂಡಸಿಗೆ 36 ದಿನ ಹಿಡಿಯುವ ಕೆಲಸವನ್ನು ಹೆಂಗಸು 18 ದಿನದಲ್ಲಿ ಮುಗಿಸುತ್ತಾಳೆ. ಭಲೇ ಎಂದು ಚಪ್ಪಾಳೆ ತಟ್ಟುವ ಮೊದಲು ಕೆಲಸ ಯಾವುದೆಂದು ಓದಿ. ಕಸೂತಿ.

ಹೆಂಗಸು ನಿಧಾನ ಎಂಬುದನ್ನು ಆ ಗೈಡ್‌ಗಳಲ್ಲಿ ಯಾರೂ ಪಾಠವಾಗಿ ಹೇಳುವುದಿಲ್ಲ, ದತ್ತಾಂಶವಾಗಿ ಕೊಡುತ್ತಾರೆ. ಪಾಠವಾದರೆ ಮಗು ಎದ್ದು ನಿಂತು ಏಕೆ ಎಂದು ಕೇಳಬಹುದು. ದತ್ತಾಂಶವನ್ನು ಒಪ್ಪಿಕೊಳ್ಳದೆ ಅಂಕ ಬರುವುದಿಲ್ಲ. ಸಮಾನ ಕೆಲಸಕ್ಕೆ ಸಮಾನ ಕೂಲಿ ಎಂದು 1976ರಲ್ಲೇ ಕಾಯಿದೆ ಬಂದಿತ್ತು. ಅದೇ ಕಾಯಿದೆಯ ಬಗ್ಗೆ ಸಾಮಾನ್ಯ ಜ್ಞಾನದ ಪತ್ರಿಕೆಯಲ್ಲಿ ಪ್ರಶ್ನೆ ಕೇಳಿ, ಮರುದಿನ ಗಣಿತದ ಪತ್ರಿಕೆಯಲ್ಲಿ ಐದು ಹೆಂಗಸರನ್ನು ಮೂರು ಗಂಡಸರಿಗೆ ಸರಿತೂಗಿಸುತ್ತೇವೆ.

ಆ ಲೆಕ್ಕಕ್ಕೆ ಬೇಕಾಗಿರುವುದು ಎರಡು ಬೇರೆ ಬೇರೆ ವೇಗಗಳು, ಅಷ್ಟೇ. ದೊಡ್ಡ ನಲ್ಲಿ, ಸಣ್ಣ ನಲ್ಲಿ ಎಂದು ಬರೆದರೆ ಸಮೀಕರಣದ ಒಂದು ಚಿಹ್ನೆಯೂ ಅಲುಗುವುದಿಲ್ಲ. ಐದು ನಿಮಿಷದ ಕೆಲಸ. ಅದನ್ನು ಮುಗಿಸಲು ಎಷ್ಟು ಗಂಡಸರು ಬೇಕೋ ಗೊತ್ತಿಲ್ಲ, ಇಷ್ಟು ವರ್ಷದಲ್ಲಿ ಒಬ್ಬರೂ ಸಿಕ್ಕಿಲ್ಲ.